ದಿಣ್ಣೆ ಬಿಟ್ಟ ಹಿಮನದಿ ಮತ್ತೆ ಯಾಕೆ ಹತ್ತಲಿಲ್ಲ?

ಪ್ರಶ್ನೆ: ಟಿಪ್ಪಿಂಗ್ ಪಾಯಿಂಟ್ ಅಂತ ಎಲ್ಲ ಕಡೆ ಓದ್ತೀನಿ. ಅಂಟಾರ್ಕ್ಟಿಕಾದ ಹಿಮ ಕುಸಿಯುತ್ತೆ, ಅಮೆಜಾನ್ ಕಾಡು ಒಣಗುತ್ತೆ ಅಂತಾರೆ. ಇದಕ್ಕೆಲ್ಲ ನೂರಾರು ವರ್ಷ ಬೇಕು ಅಂತಲೂ ಅವರೇ ಹೇಳ್ತಾರೆ. ಹಾಗಿದ್ರೆ ಬಿಸಿ ಸ್ವಲ್ಪ ಜಾಸ್ತಿಯಾದ್ರೂ ಮುಂದೆ ಇಳಿಸಿಕೊಂಡರಾಯ್ತಲ್ವಾ? ವಿಜ್ಞಾನಿಗಳಿಗೆ ಯಾಕಿಷ್ಟು ಗಾಬರಿ?

ಉತ್ತರ: ಗಾಬರಿ ವೇಗದ ಬಗ್ಗೆ ಅಲ್ಲ, ವಾಪಸ್ ಬರುವ ದಾರಿಯ ಬಗ್ಗೆ. ಬಿಸಿ ಏರಿದಾಗ ಹಿಮ ಎಷ್ಟು ಹಿಂದೆ ಸರಿಯುತ್ತದೋ, ಬಿಸಿ ಇಳಿದಾಗ ಅಷ್ಟೇ ಮುಂದೆ ಬರುತ್ತದೆ ಅಂತಿದ್ದರೆ ನೀವು ಹೇಳಿದ್ದು ಸರಿ. ಎಷ್ಟೋ ವಿಷಯಗಳಲ್ಲಿ ಹಾಗೇ ಆಗುತ್ತದೆ. ಆರ್ಕ್ಟಿಕ್ ಸಮುದ್ರದ ಮೇಲೆ ತೇಲುವ ಬೇಸಿಗೆಯ ಮಂಜುಗಡ್ಡೆ ಹೆಚ್ಚುಕಡಿಮೆ ಈ ಜಾತಿಯದು. ಗಾಳಿ ತಣ್ಣಗಾದರೆ ಕೆಲವೇ ವರ್ಷಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಆದರೆ ಕೆಲವು ವ್ಯವಸ್ಥೆಗಳು ಒಂದು ಮಟ್ಟದವರೆಗೆ ಜಗ್ಗದೆ ನಿಂತಿರುತ್ತವೆ. ಅದು ದಾಟಿತು ಅಂದರೆ ತಮ್ಮಷ್ಟಕ್ಕೆ ತಾವೇ ಮುಂದೆ ಹೋಗುತ್ತವೆ. ಆಮೇಲೆ ತಳ್ಳಿದ ಕೈ ತೆಗೆದರೂ ನಿಲ್ಲುವುದಿಲ್ಲ.

ಇದು ಕಂಪ್ಯೂಟರ್ ಮಾದರಿಗಳ ಕಲ್ಪನೆ ಮಾತ್ರ ಅಂದುಕೊಳ್ಳಬೇಡಿ. ಇಂಥದ್ದೊಂದು ಘಟನೆ ಕಳೆದ ಶತಮಾನದಲ್ಲೇ ನಡೆದಿದೆ. ನಡೆದದ್ದು ಪಶ್ಚಿಮ ಅಂಟಾರ್ಕ್ಟಿಕಾದ ಪೈನ್ ಐಲ್ಯಾಂಡ್ ಹಿಮನದಿಯಲ್ಲಿ. ನಡೆಯುವಾಗ ಯಾರಿಗೂ ಗೊತ್ತಿರಲಿಲ್ಲ. ಟಿಪ್ಪಿಂಗ್ ಪಾಯಿಂಟ್ ಅಂದರೇನು ಅಂತ ಕೇಳಿದವರಿಗೆ ನಾನು ಹೇಳುವುದು ಇದೇ ಕತೆ. ಪಟ್ಟಿ ಮಾಡಿ ಹದಿನಾರು ಉದಾಹರಣೆ ಕೊಡುವುದಕ್ಕಿಂತ ಒಂದನ್ನು ಸರಿಯಾಗಿ ನೋಡುವುದು ಒಳ್ಳೆಯದು.

ಮೊದಲು ಜಾಗದ ಪರಿಚಯ. ಅಂಟಾರ್ಕ್ಟಿಕಾದ ಪೂರ್ವ ಭಾಗದ ಹಿಮದ ಬಹುಪಾಲು ಸಮುದ್ರ ಮಟ್ಟಕ್ಕಿಂತ ಎತ್ತರದ ನೆಲದ ಮೇಲೆ ಕೂತಿದೆ. ಪಶ್ಚಿಮ ಭಾಗದ್ದು ಹಾಗಲ್ಲ. ಅಲ್ಲಿ ಹಿಮದ ತಳ ಸಮುದ್ರ ಮಟ್ಟಕ್ಕಿಂತ ನೂರಾರು ಮೀಟರ್, ಕೆಲವು ಕಡೆ 2,000 ಮೀಟರ್‌ಗಿಂತಲೂ ಕೆಳಗಿದೆ. ಹಿಮವನ್ನೆಲ್ಲ ಎತ್ತಿಬಿಟ್ಟರೆ ಅಲ್ಲಿ ಉಳಿಯುವುದು ದ್ವೀಪಗಳಿರುವ ಸಮುದ್ರ. ಅಂದರೆ ಈ ಹಿಮ ತೇಲದೆ ನೆಲಕ್ಕೆ ಅಂಟಿಕೊಂಡಿರುವುದಕ್ಕೆ ಒಂದೇ ಕಾರಣ, ಅದರ ದಪ್ಪ. ತನ್ನ ಭಾರದಿಂದ ಸಮುದ್ರದ ನೀರನ್ನು ಹೊರಗೆ ತಳ್ಳಿ ಅದು ಅಲ್ಲಿ ಕೂತಿದೆ.

ಹಿಮ ನಿಂತಲ್ಲೇ ನಿಲ್ಲುವುದಿಲ್ಲ. ಒಳನಾಡಿನಲ್ಲಿ ಬಿದ್ದ ಮಂಜು ಗಟ್ಟಿಯಾಗಿ, ಬಹಳ ನಿಧಾನವಾಗಿ ಸಮುದ್ರದ ಕಡೆ ಜಾರುತ್ತದೆ. ಕರಾವಳಿ ಹತ್ತಿರ ಬಂದಂತೆ ತೆಳ್ಳಗಾಗುತ್ತದೆ. ಒಂದು ಕಡೆ ನೆಲಕ್ಕೆ ಕೂರುವಷ್ಟು ದಪ್ಪ ಉಳಿಯುವುದಿಲ್ಲ, ಅಲ್ಲಿಂದ ಮುಂದೆ ತೇಲುತ್ತದೆ. ಆ ಗೆರೆಯನ್ನು ನಾವು ಗ್ರೌಂಡಿಂಗ್ ಲೈನ್ ಅನ್ನುತ್ತೇವೆ. ನೆಲ ಬಿಡುವ ಗೆರೆ ಅಂದರೂ ಸರಿ. ಅದರಾಚೆ ಸಮುದ್ರದ ಮೇಲೆ ಚಾಚಿಕೊಂಡಿರುವ ತೇಲುವ ಭಾಗಕ್ಕೆ ಐಸ್ ಶೆಲ್ಫ್ ಅಂತ ಹೆಸರು. ತೇಲುತ್ತಿರುವ ಹಿಮ ಕರಗಿದರೆ ಸಮುದ್ರ ಮಟ್ಟ ಏರುವುದು ಇಲ್ಲವೆನ್ನುವಷ್ಟು ಕಡಿಮೆ, ಯಾಕಂದರೆ ಅದು ಆಗಲೇ ತನ್ನ ತೂಕದ ನೀರನ್ನು ಪಕ್ಕಕ್ಕೆ ಸರಿಸಿದೆ. ನೆಲದ ಮೇಲಿದ್ದ ಹಿಮ ಗೆರೆ ದಾಟಿ ಸಮುದ್ರಕ್ಕೆ ಬಂದಾಗ ಮಟ್ಟ ಏರುತ್ತದೆ. ಹಾಗಾಗಿ ಲೆಕ್ಕವೆಲ್ಲ ಆ ಗೆರೆಯಲ್ಲಿದೆ.

ಗೆರೆ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ನೂರಾರು ಮೀಟರ್ ಹಿಮದ ಕೆಳಗಿನದ್ದು ಕಣ್ಣಿಗೆ ಕಾಣದು. ಆದರೆ ಉಬ್ಬರ-ಇಳಿತ ಇದೆಯಲ್ಲ, ತೇಲುವ ಭಾಗ ಅದರ ಜೊತೆ ಏರಿ ಇಳಿಯುತ್ತದೆ. ನೆಲಕ್ಕೆ ಕೂತ ಭಾಗ ಅಲುಗುವುದಿಲ್ಲ. ಉಪಗ್ರಹದ ರೇಡಾರ್ ಈ ವ್ಯತ್ಯಾಸವನ್ನು ಸೆಂಟಿಮೀಟರ್ ಮಟ್ಟದಲ್ಲಿ ಹಿಡಿಯುತ್ತದೆ. 1992ರಿಂದ ಹೀಗೆ ಅಳೆಯುತ್ತಿದ್ದಾರೆ. ಪೈನ್ ಐಲ್ಯಾಂಡ್ ಹಿಮನದಿಯ ಮಧ್ಯಭಾಗದಲ್ಲಿ ಈ ಗೆರೆ 1992 ಮತ್ತು 2011ರ ನಡುವೆ 31 ಕಿ.ಮೀ. ಒಳಕ್ಕೆ ಸರಿದಿತ್ತು.

ಯಾಕೆ ಸರಿಯಿತು? 1990ರ ದಶಕದಲ್ಲೇ ಏನೋ ಶುರುವಾಯಿತು ಅಂತ ಮೊದಲು ಅನ್ನಿಸಿತ್ತು. ಉಪಗ್ರಹಗಳು ನೋಡಲು ಶುರು ಮಾಡಿದ್ದೇ ಆಗ, ಹಾಗಾಗಿ ಹಾಗನ್ನಿಸುವುದು ಸಹಜ. 2009ರ ಜನವರಿಯಲ್ಲಿ ಬ್ರಿಟಿಷ್ ವಿಜ್ಞಾನಿಗಳು ಆಟೋಸಬ್ ಎಂಬ ಮನುಷ್ಯರಿಲ್ಲದ ಜಲಾಂತರ್ಗಾಮಿಯನ್ನು ಐಸ್ ಶೆಲ್ಫಿನ ಕೆಳಗೆ ಕಳಿಸಿದರು. ಅಲ್ಲಿ ಯಾರೂ ಎಣಿಸಿರದ ಒಂದು ದೊಡ್ಡ ದಿಣ್ಣೆ ಸಿಕ್ಕಿತು. ಸಮುದ್ರದ ತಳದಿಂದ ಸುಮಾರು 300 ಮೀಟರ್ ಎತ್ತರ, ಹಿಮ ಹರಿಯುವ ದಿಕ್ಕಿಗೆ ಅಡ್ಡವಾಗಿ. ಅದರ ಮೇಲಿದ್ದ ಗುರುತುಗಳನ್ನು ನೋಡಿದರೆ ಹಿಮ ಹಿಂದೆ ಆ ದಿಣ್ಣೆಯ ಮೇಲೇ ಕೂತಿತ್ತು ಅನ್ನುವುದು ಸ್ಪಷ್ಟವಾಗಿತ್ತು. ಹಳೆಯ ಉಪಗ್ರಹ ಚಿತ್ರ ತೆಗೆದು ನೋಡಿದರು. 1973ರ ಚಿತ್ರದಲ್ಲಿ ಆ ಜಾಗದ ಮೇಲೆ ಹಿಮದ ಮೈಯಲ್ಲಿ ಒಂದು ಸಣ್ಣ ಉಬ್ಬು ಕಾಣುತ್ತಿತ್ತು. ಕೆಳಗೆ ಏನೋ ತಗುಲುತ್ತಿದೆ ಅನ್ನುವುದಕ್ಕೆ ಅದು ಸಾಕ್ಷಿ. ನಂತರದ ಚಿತ್ರಗಳಲ್ಲಿ ಆ ಉಬ್ಬು ಇಲ್ಲ.

ಹಾಗಾದರೆ ಬಿಟ್ಟಿದ್ದು ಯಾವಾಗ? ಅದನ್ನು ತಿಳಿಯಲು ಐಸ್ ಶೆಲ್ಫಿಗೆ ಬಿಸಿನೀರಿನಿಂದ ತೂತು ಕೊರೆದು, ದಿಣ್ಣೆಯ ಆಸುಪಾಸಿನ ಕೆಸರನ್ನು ಕೊಳವೆಯಲ್ಲಿ ಮೇಲೆತ್ತಿದರು. ಹಿಮ ನೆಲಕ್ಕೆ ಒತ್ತಿ ಕೂತಿದ್ದಾಗ ಬೀಳುವ ಕೆಸರು ಒಂದು ತರಹ. ಸಮುದ್ರದ ನೀರು ಒಳಗೆ ಓಡಾಡಲು ಶುರುವಾದ ಮೇಲೆ ಬೀಳುವುದು ಇನ್ನೊಂದು ತರಹ. ಕೆಸರಿನ ಪದರಗಳ ವಯಸ್ಸನ್ನು ವಿಕಿರಣ ಸೂಸುವ ಸೀಸದಿಂದ ಲೆಕ್ಕ ಹಾಕುತ್ತಾರೆ, ಅದು ಕ್ರಮವಾಗಿ ಕ್ಷಯಿಸುವುದರಿಂದ ಗಡಿಯಾರದ ಕೆಲಸ ಮಾಡುತ್ತದೆ. ಉತ್ತರ 2017ರಲ್ಲಿ ಪ್ರಕಟವಾಯಿತು. 1945ರ ಹೊತ್ತಿಗೆ ದಿಣ್ಣೆಯ ಹಿಂದೆ ನೀರಿನ ಪೊಟರೆ ಆಗಲೇ ತೆರೆದುಕೊಂಡಿತ್ತು. 1970ರ ಸುಮಾರಿಗೆ ಹಿಮ ದಿಣ್ಣೆಯನ್ನು ಪೂರ್ತಿ ಬಿಟ್ಟಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲು ತಳ್ಳಿದ್ದು ಯಾವುದು? 1939ರಿಂದ 1942ರವರೆಗೆ ಬಹಳ ಜೋರಾದ ಎಲ್ ನಿನೋ ಇತ್ತು. ಪೆಸಿಫಿಕ್ ಸಾಗರದ ಆ ಏರುಪೇರು ಈ ಹಿಮನದಿಯ ಮುಂದಿರುವ ಅಮುಂಡ್ಸೆನ್ ಸಮುದ್ರದ ಗಾಳಿಯ ದಿಕ್ಕನ್ನೂ ಬದಲಿಸಿತು. ಆ ಗಾಳಿ ಆಳದ ಬೆಚ್ಚಗಿನ ನೀರನ್ನು ಹಿಮದ ಕಡೆಗೆ ತಂದಿತು. ಎಲ್ ನಿನೋ ಮುಗಿಯಿತು. ಗಾಳಿ ಹೆಚ್ಚುಕಡಿಮೆ ಮೊದಲಿನಂತಾಯಿತು. ಹಿಮ ಮಾತ್ರ ವಾಪಸ್ ಬರಲಿಲ್ಲ. ಇನ್ನೂ ಹಿಂದೆ ಹೋಯಿತು, ಹೋಗುತ್ತಲೇ ಇತ್ತು.

ಇಳಿಜಾರಿನಲ್ಲಿ ನಿಂತ ಲಾರಿಯ ಚಕ್ರಕ್ಕೆ ಕೊಟ್ಟ ಕಲ್ಲಿನಂತೆ ಇತ್ತು ಆ ದಿಣ್ಣೆ. ಕಲ್ಲು ಜಾರಲು ಸಣ್ಣ ಹೊಡೆತ ಸಾಕು. ಲಾರಿ ಹೊರಟ ಮೇಲೆ ಆ ಹೊಡೆತ ನಿಂತಿತಾ, ಇನ್ನೂ ಇದೆಯಾ ಅನ್ನುವುದರಿಂದ ಏನೂ ಬದಲಾಗುವುದಿಲ್ಲ.

ಯಾಕೆ ಹಾಗೆ ಅಂತ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಸುಲಭಕ್ಕೆ ಆರಿಸಿಕೊಂಡವು, ಆದರೆ ನಿಯಮ ನಿಜವಾದದ್ದು. ಒಂದು ಘನ ಮೀಟರ್ ಸಮುದ್ರದ ನೀರು 1,028 ಕಿಲೋ ತೂಗುತ್ತದೆ, ಹಿಮ ಸುಮಾರು 917 ಕಿಲೋ. ಹಾಗಾಗಿ ಸಮುದ್ರ ಮಟ್ಟದಿಂದ 1,000 ಮೀಟರ್ ಕೆಳಗಿರುವ ನೆಲದ ಮೇಲೆ ಹಿಮ ಕೂರಬೇಕಾದರೆ ಅದು ಸುಮಾರು 1,120 ಮೀಟರ್‌ಗಿಂತ ದಪ್ಪ ಇರಬೇಕು. ಅದಕ್ಕಿಂತ ತೆಳುವಾದರೆ ತೇಲುತ್ತದೆ. ಈಗ ಅಲ್ಲಿ 1,150 ಮೀಟರ್ ಹಿಮ ಇದೆ ಅಂದುಕೊಳ್ಳಿ. ಉಳಿದಿರುವ ಅಂತರ ಬರೀ 30 ಮೀಟರ್. ಇದು ವರ್ಷಕ್ಕೆ 3 ಮೀಟರ್ ತೆಳುವಾದರೆ ಹತ್ತು ವರ್ಷಕ್ಕೆ ಮುಗಿಯಿತು. ಗೆರೆ ಒಳಕ್ಕೆ ಸರಿಯುತ್ತದೆ.

ಒಳಕ್ಕೆ ಸರಿದರೆ ಏನಾಗುತ್ತದೆ? ಸಾಮಾನ್ಯವಾಗಿ ಸಮುದ್ರದಿಂದ ದೂರ ಹೋದಂತೆ ನೆಲ ಏರುತ್ತದೆ. ಇಲ್ಲಿ ಉಲ್ಟಾ. ಒಳನಾಡಿಗೆ ಹೋದಂತೆ ನೆಲ ಇನ್ನೂ ಇಳಿಯುತ್ತದೆ, ಬಟ್ಟಲಿನ ಅಂಚಿನಿಂದ ನಡುವಿಗೆ ಹೋದ ಹಾಗೆ. ಹೊಸ ಗೆರೆ 1,200 ಮೀಟರ್ ಆಳದ ನೆಲದ ಮೇಲಿದೆ ಅಂದರೆ ಅಲ್ಲಿ ತೇಲಿಕೆಯ ಅಂಚಿನಲ್ಲಿರುವ ಹಿಮದ ದಪ್ಪ ಸುಮಾರು 1,345 ಮೀಟರ್. ಮೊದಲಿಗಿಂತ ಶೇ. 20ರಷ್ಟು ಹೆಚ್ಚು.

ಶೇ. 20 ಏನು ದೊಡ್ಡದು ಅನ್ನಿಸಬಹುದು. ಆದರೆ ಗೆರೆ ದಾಟಿ ಹೋಗುವ ಹಿಮದ ಪ್ರಮಾಣ ದಪ್ಪದ ಜೊತೆ ಸಮನಾಗಿ ಏರುವುದಿಲ್ಲ. ದಪ್ಪ ಹಿಮ ತನ್ನ ಭಾರಕ್ಕೆ ತಾನೇ ಬಹಳ ಬೇಗ ಹರಡಿಕೊಳ್ಳುತ್ತದೆ. 2007ರಲ್ಲಿ ಕ್ರಿಶ್ಚಿಯನ್ ಸ್ಕೂಫ್ ಎಂಬ ಗಣಿತಜ್ಞ ಇದನ್ನು ಲೆಕ್ಕ ಹಾಕಿ ತೋರಿಸಿದರು. ಹರಿವು ದಪ್ಪದ ಸುಮಾರು 4.75ನೇ ಘಾತಕ್ಕೆ ತಕ್ಕಂತೆ ಹೆಚ್ಚುತ್ತದೆ. 1.2ನ್ನು ಆ ಘಾತಕ್ಕೆ ಏರಿಸಿದರೆ ಸುಮಾರು 2.4 ಬರುತ್ತದೆ. ಅಂದರೆ ಗೆರೆ ದಾಟುವ ಹಿಮ ಎರಡು ಪಟ್ಟಿಗಿಂತ ಜಾಸ್ತಿ. ಮೇಲಿಂದ ಬೀಳುವ ಮಂಜು ಮಾತ್ರ ಅಷ್ಟೇ ಇದೆ, ಅದೇನೂ ಎರಡು ಪಟ್ಟಾಗಲಿಲ್ಲ. ಬರುವುದಕ್ಕಿಂತ ಹೋಗುವುದು ಜಾಸ್ತಿಯಾದ ಮೇಲೆ ಹಿಮ ಇನ್ನೂ ತೆಳುವಾಗುತ್ತದೆ, ಗೆರೆ ಇನ್ನೂ ಒಳಗೆ ಹೋಗುತ್ತದೆ. ಅಲ್ಲಿ ನೆಲ ಇನ್ನೂ ಆಳ. ಈಗ ಬೆಚ್ಚಗಿನ ನೀರನ್ನು ಪೂರ್ತಿ ತೆಗೆದುಬಿಟ್ಟರೂ ಈ ಲೆಕ್ಕ ತಪ್ಪುವುದಿಲ್ಲ ನೋಡಿ. ಅದಕ್ಕೇ ಎಲ್ ನಿನೋ ಹೋದರೂ ಹಿಮನದಿ ನಿಲ್ಲಲಿಲ್ಲ.

ಪೈನ್ ಐಲ್ಯಾಂಡ್ ವಿಷಯದಲ್ಲಿ ಇನ್ನೊಂದು ತೊಂದರೆಯೂ ಸೇರಿಕೊಂಡಿತು. ದಿಣ್ಣೆಯ ಮೇಲೆ ಹಿಮ ಕೂತಿದ್ದಾಗ ಅದು ಬಾಗಿಲಿನ ಕೆಲಸವನ್ನೂ ಮಾಡುತ್ತಿತ್ತು. ಬೆಚ್ಚಗಿನ ನೀರಿಗೆ ಒಳಗೆ ಬರಲು ದಾರಿಯಿರಲಿಲ್ಲ. ಬೆಚ್ಚಗಿನ ನೀರು ಅಂದರೆ ಸುಮಾರು 1 ಡಿಗ್ರಿ ಸೆಲ್ಸಿಯಸ್ ಅಷ್ಟೇ. ಕೈ ಇಟ್ಟರೆ ಮರಗಟ್ಟುತ್ತದೆ. ಆದರೆ ಸಮುದ್ರದ ನೀರು ಮೇಲ್ಮೈಯಲ್ಲಿ ಮೈನಸ್ 1.9 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಆಳಕ್ಕೆ ಹೋದಂತೆ ಒತ್ತಡದಿಂದ ಆ ಮಟ್ಟ ಇನ್ನೂ ಇಳಿಯುತ್ತದೆ. ಒಂದು ಕಿಲೋಮೀಟರ್ ಆಳದಲ್ಲಿ ಅದು ಮೈನಸ್ 2.6ರ ಹತ್ತಿರ. ಹಾಗಾಗಿ ಅಲ್ಲಿನ ಹಿಮಕ್ಕೆ ಈ ನೀರು ಮೂರೂವರೆ ಡಿಗ್ರಿಯಷ್ಟು ಬಿಸಿ. ಉಪ್ಪು ಜಾಸ್ತಿ ಇರುವುದರಿಂದ ಈ ನೀರು ಭಾರ. ಮೇಲಿನ ತಣ್ಣೀರಿನ ಕೆಳಗೇ ಇದ್ದು, ಇಳಿಜಾರು ಹಿಡಿದು ನೇರವಾಗಿ ಗೆರೆಯವರೆಗೂ ಹರಿಯುತ್ತದೆ. ಹಿಮ ದಿಣ್ಣೆ ಬಿಟ್ಟ ಮೇಲೆ ಅದಕ್ಕೆ ದಾರಿ ಸಲೀಸಾಯಿತು.

ಪರಿಣಾಮ ಏನಾಯಿತು ಅಂದರೆ, 1970ರ ದಶಕದಲ್ಲಿ ವರ್ಷಕ್ಕೆ ಸುಮಾರು 2.3 ಕಿ.ಮೀ. ಹರಿಯುತ್ತಿದ್ದ ಹಿಮನದಿಯ ಮುಂಭಾಗ 2009ರ ಹೊತ್ತಿಗೆ ವರ್ಷಕ್ಕೆ ಸುಮಾರು 4 ಕಿ.ಮೀ. ಹರಿಯುತ್ತಿತ್ತು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ 1940ರ ಸ್ಥಿತಿಯನ್ನು ಮಾದರಿಯಲ್ಲಿ ಕಟ್ಟಿ, ಬೆಚ್ಚಗಿನ ನೀರನ್ನು ಕೊಟ್ಟು, ಆಮೇಲೆ ಮತ್ತೆ ತಣ್ಣಗೆ ಮಾಡಿ ನೋಡಿತು. ಒಮ್ಮೆ ಬಿಟ್ಟ ಮೇಲೆ ಹಿಮ ದಿಣ್ಣೆಗೆ ವಾಪಸ್ ಹೋಗಲಿಲ್ಲ. ಹತ್ತಾರು ಕಿ.ಮೀ. ಒಳಗೆ ಇನ್ನೊಂದು ಆಸರೆ ಸಿಗುವವರೆಗೆ ಹಿಂದೆ ಸರಿಯುತ್ತಲೇ ಹೋಯಿತು.

ಇಲ್ಲಿ ಒಂದು ಪ್ರಶ್ನೆ ಖಂಡಿತ ಬರುತ್ತದೆ. ಮೊದಲು ತಳ್ಳಿದ್ದು ಎಲ್ ನಿನೋ ಅಂದಮೇಲೆ ಮನುಷ್ಯರ ಪಾತ್ರ ಎಲ್ಲಿ ಬಂತು? ನ್ಯಾಯವಾದ ಪ್ರಶ್ನೆ. ಆ ಮೊದಲ ಹೊಡೆತ ಬಹುಮಟ್ಟಿಗೆ ಸ್ವಾಭಾವಿಕವೇ. ಆದರೆ ನಂತರದ ದಶಕಗಳಲ್ಲಿ ಹಸಿರುಮನೆ ಅನಿಲಗಳಿಂದಾಗಿ ಆ ಭಾಗದ ಗಾಳಿ ಬೆಚ್ಚಗಿನ ನೀರನ್ನು ತರುವ ಕಡೆಗೇ ವಾಲುತ್ತಾ ಬಂದಿದೆ ಅಂತ 2019ರ ಒಂದು ಅಧ್ಯಯನ ತೋರಿಸಿದೆ. ನನಗೆ ಇದಕ್ಕಿಂತ ಕಳವಳ ತರುವುದು ಬೇರೆಯದೇ. ಕೆಲವೇ ವರ್ಷಗಳ ಸ್ವಾಭಾವಿಕ ಏರುಪೇರಿಗೇ ಹೀಗಾಯಿತು ಅಂದರೆ, ಬಿಡದೆ ದಶಕಗಟ್ಟಲೆ ತಳ್ಳಿದರೆ ಪಕ್ಕದ ಹಿಮನದಿಗಳ ಕತೆ ಏನು?

ಪಕ್ಕದಲ್ಲಿರುವುದು ಥ್ವೈಟ್ಸ್. ಅಗಲ ಸುಮಾರು 120 ಕಿ.ಮೀ., ಜಗತ್ತಿನ ಅತಿ ಅಗಲದ ಹಿಮನದಿ. ಪತ್ರಿಕೆಗಳು ಅದನ್ನು ಪ್ರಳಯದ ಹಿಮನದಿ ಅಂತ ಕರೆಯುವುದನ್ನು ಕೇಳಿದರೆ ನನಗೆ ಕಿರಿಕಿರಿ. ನಾಳೆ ಬೆಳಿಗ್ಗೆ ಏನೋ ಆಗುತ್ತದೆ ಅನ್ನಿಸಿಬಿಡುತ್ತದೆ. ಆಗುವುದಿಲ್ಲ. ಅದು ಪೂರ್ತಿ ಹೋದರೆ ಜಗತ್ತಿನ ಸಮುದ್ರ ಮಟ್ಟ ಸುಮಾರು 65 ಸೆಂಟಿಮೀಟರ್ ಏರುತ್ತದೆ, ಅದಕ್ಕೆ ಶತಮಾನಗಳೇ ಬೇಕು. ಆದರೆ ಥ್ವೈಟ್ಸ್ ಕೂತಿರುವುದು ಪಶ್ಚಿಮ ಅಂಟಾರ್ಕ್ಟಿಕಾದ ಆ ಆಳದ ಬಟ್ಟಲಿನ ಬಾಯಲ್ಲಿ. ಅದರ ಹಿಂದೆ ಇಡೀ ಬಟ್ಟಲು ಖಾಲಿಯಾದರೆ ಏರಿಕೆ ಸುಮಾರು 3.3 ಮೀಟರ್.

ನೂರಾರು ವರ್ಷ ಇದೆಯಲ್ಲ ಅಂದಿರಿ. ಹೌದು, ಇದೆ. ಹಿಮ ಹೋಗಲು ಬಹಳ ಕಾಲ ಬೇಕು. ಆದರೆ ಹೋಗುವುದು ನಿಶ್ಚಯವಾಗಲು ಅಷ್ಟು ಕಾಲ ಬೇಡ. ಪೈನ್ ಐಲ್ಯಾಂಡಿನಲ್ಲಿ ತಳ್ಳಿದ್ದು ಕೆಲವೇ ವರ್ಷ. ಹಿಮ ದಿಣ್ಣೆ ಪೂರ್ತಿ ಬಿಡಲು 25 ವರ್ಷ ಹಿಡಿಯಿತು. ವೇಗ ಹೆಚ್ಚಿದ್ದನ್ನು ನಾವು ಕಂಡದ್ದು ಅದರ ನಂತರ, ಕಾರಣ ಗೊತ್ತಾದದ್ದು 2017ರಲ್ಲಿ. ತಡೆಯಲು ಅವಕಾಶ ಇದ್ದಾಗ ಕಣ್ಣಿಗೆ ಏನೂ ಬೀಳಲಿಲ್ಲ, ಬಿದ್ದಾಗ ಅವಕಾಶ ಇರಲಿಲ್ಲ.

ಇಷ್ಟು ಓದಿದ ಮೇಲೆ ಎಲ್ಲ ಮುಗಿದೇಹೋಯಿತಾ ಅನ್ನಿಸಬಹುದು. ಅದೂ ಸರಿಯಲ್ಲ. ಸ್ಕೂಫ್ ಲೆಕ್ಕಕ್ಕೆ ಒಂದು ಮಿತಿ ಇದೆ. ಅದು ಮುಂದೆ ಯಾವ ತಡೆಯೂ ಇಲ್ಲದ ಹಿಮಕ್ಕೆ ಮಾಡಿದ್ದು. ನಿಜವಾದ ಹಿಮನದಿಯ ಮುಂದೆ ಐಸ್ ಶೆಲ್ಫ್ ಇರುತ್ತದೆ. ಅದು ಎರಡೂ ಬದಿಯ ಬೆಟ್ಟಗಳಿಗೆ, ದ್ವೀಪಗಳಿಗೆ ಉಜ್ಜಿಕೊಂಡು ಹಿಂದಿನ ಹಿಮವನ್ನು ತಡೆದು ಹಿಡಿಯುತ್ತದೆ. ಆ ಹಿಡಿತ ಗಟ್ಟಿಯಾಗಿದ್ದರೆ ಇಳಿಜಾರು ನೆಲದ ಮೇಲೂ ಗೆರೆ ನಿಲ್ಲಬಹುದು. ಹಿಡಿತ ಹೋದರೆ ಏನಾಗುತ್ತದೆ ಅಂತಲೂ ಕಂಡಿದ್ದೇವೆ. 2002ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಲಾರ್ಸನ್ ಬಿ ಐಸ್ ಶೆಲ್ಫಿನ ಸುಮಾರು 3,250 ಚದರ ಕಿ.ಮೀ. ಭಾಗ ಕೆಲವೇ ವಾರಗಳಲ್ಲಿ ಪುಡಿಪುಡಿಯಾಯಿತು. ತೇಲುತ್ತಿದ್ದ ಹಿಮವಾದ್ದರಿಂದ ಅದರಿಂದ ಸಮುದ್ರ ಏರಲಿಲ್ಲ. ಆದರೆ ಅದರ ಹಿಂದಿದ್ದ ಹಿಮನದಿಗಳು ಹಲವು ಪಟ್ಟು ವೇಗ ಪಡೆದವು.

ಇನ್ನೊಂದು ತಡೆ ನೆಲದಿಂದಲೇ ಬರುತ್ತದೆ. ಮೇಲಿನ ಹಿಮದ ಭಾರ ಇಳಿದರೆ ಕೆಳಗಿನ ಬಂಡೆ ಮೆಲ್ಲಗೆ ಮೇಲೇಳುತ್ತದೆ. ಸಾಮಾನ್ಯವಾಗಿ ಇದಕ್ಕೆ ಸಾವಿರಾರು ವರ್ಷ ಬೇಕು. ಅಮುಂಡ್ಸೆನ್ ಸಮುದ್ರದ ಕರಾವಳಿಯಲ್ಲಿ ಮಾತ್ರ ಭೂಮಿಯ ಒಳಪದರ ಮೆತ್ತಗಿದೆ. ಅಲ್ಲಿ ಒಂದು ಕಡೆ ನೆಲ ವರ್ಷಕ್ಕೆ 41 ಮಿಲಿಮೀಟರ್ ಏರುತ್ತಿರುವುದನ್ನು ಜಿಪಿಎಸ್ ಅಳೆದಿದೆ. ನೆಲ ಏರಿದರೆ ನೀರಿನ ಆಳ ಕಡಿಮೆಯಾಗುತ್ತದೆ, ಹಿಮಕ್ಕೆ ಕೂರಲು ಸುಲಭ. ಇದು ಓಟವನ್ನು ನಿಧಾನ ಮಾಡಬಹುದು. ಬಿಸಿ ಏರುತ್ತಲೇ ಹೋದರೆ ಮಾತ್ರ ಇದರಿಂದ ಹೆಚ್ಚು ಉಪಯೋಗವಿಲ್ಲ.

ಹಾಗಾಗಿ ಥ್ವೈಟ್ಸ್ ಆಗಲೇ ಟಿಪ್ಪಿಂಗ್ ಪಾಯಿಂಟ್ ದಾಟಿದೆಯಾ ಅನ್ನುವುದರಲ್ಲಿ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. 2014ರಲ್ಲಿ ಬಂದ ಎರಡು ಅಧ್ಯಯನಗಳು ಹಿಂಜರಿತವನ್ನು ತಡೆಯುವಂಥ ದೊಡ್ಡ ದಿಣ್ಣೆಗಳು ಒಳಗೆ ಕಾಣುತ್ತಿಲ್ಲ, ಕುಸಿತ ಬಹುಶಃ ಶುರುವಾಗಿದೆ ಅಂದವು. ಅದರಲ್ಲಿ ಒಂದು, ವೇಗದ ಹಂತ 200ರಿಂದ 900 ವರ್ಷಗಳೊಳಗೆ ಬರಬಹುದು ಅಂತ ಅಂದಾಜು ಕೊಟ್ಟಿತು. 2023ರ ಇನ್ನೊಂದು ಜೋಡಿ ಅಧ್ಯಯನ ಬೇರೆ ಮಾತು ಹೇಳಿತು. ಈಗಿರುವ ಗೆರೆ ಇನ್ನೂ ತಾನಾಗಿ ಓಡುವ ಸ್ಥಿತಿಗೆ ಬಂದಿಲ್ಲ, ಈ ಕ್ಷಣ ನೀರು ತಣ್ಣಗಾದರೆ ನಿಲ್ಲಬಹುದು. ಆದರೆ ಈಗಿನಷ್ಟೇ ಬಿಸಿ ಹೀಗೇ ಮುಂದುವರಿದರೂ ಸಾಕು, 300ರಿಂದ 500 ವರ್ಷಗಳಲ್ಲಿ ಆ ಸ್ಥಿತಿ ಶುರುವಾಗಬಹುದು. ಎರಡನ್ನೂ ಓದಿದ ನನಗೆ ಅನ್ನಿಸುವುದು, ಜಗಳ ಇರುವುದು ದಾಟಿದ ದಿನಾಂಕದ ಬಗ್ಗೆ. ದಿಕ್ಕಿನ ಬಗ್ಗೆ ಅಲ್ಲ.

ಹಿಂದೆ ಯಾವಾಗಾದರೂ ಈ ಬಟ್ಟಲು ನಿಜವಾಗಿ ಖಾಲಿಯಾಗಿತ್ತಾ? ಇದಕ್ಕೆ ಉತ್ತರ ಸಿಕ್ಕಿದ ರೀತಿ ನನಗೆ ತುಂಬಾ ಇಷ್ಟ. ಅಂಟಾರ್ಕ್ಟಿಕಾದ ಸುತ್ತ ಸಮುದ್ರದ ತಳದಲ್ಲಿ ಟರ್ಕೆಟ್ ಆಕ್ಟೋಪಸ್ ಅನ್ನುವ ಪುಟ್ಟ ಜೀವಿ ಇದೆ. ಅದು ದೂರ ಈಜುವುದಿಲ್ಲ, ತಳದಲ್ಲೇ ತೆವಳುತ್ತದೆ. ಖಂಡದ ಒಂದು ಬದಿಯ ವೆಡೆಲ್ ಸಮುದ್ರದಲ್ಲೂ ಇನ್ನೊಂದು ಬದಿಯ ರಾಸ್ ಮತ್ತು ಅಮುಂಡ್ಸೆನ್ ಸಮುದ್ರಗಳಲ್ಲೂ ಇದೆ. ನಡುವೆ ಹಿಮದ ಗೋಡೆ. 2023ರ ಕೊನೆಗೆ ಪ್ರಕಟವಾದ ಡಿಎನ್‌ಎ ಅಧ್ಯಯನದ ಪ್ರಕಾರ ಸುಮಾರು 1,25,000 ವರ್ಷಗಳ ಹಿಂದೆ ಈ ಗುಂಪುಗಳು ನೇರವಾಗಿ ಬೆರೆತಿದ್ದವು. ನಡುವೆ ಸಮುದ್ರ ಇದ್ದರಷ್ಟೇ ಅದು ಸಾಧ್ಯ. ಆ ಕಾಲದಲ್ಲಿ ಭೂಮಿ ಕೈಗಾರಿಕೆಗಳು ಶುರುವಾಗುವ ಮೊದಲಿದ್ದುದಕ್ಕಿಂತ 0.5ರಿಂದ 1.5 ಡಿಗ್ರಿಯಷ್ಟು ಮಾತ್ರ ಬೆಚ್ಚಗಿತ್ತು. ಸಮುದ್ರ ಮಟ್ಟ ಈಗಿನದಕ್ಕಿಂತ 5ರಿಂದ 10 ಮೀಟರ್ ಮೇಲಿತ್ತು. ಆಗಿನ ಬಿಸಿಗೆ ಕಾರಣ ಭೂಮಿಯ ಕಕ್ಷೆಯ ಬದಲಾವಣೆ, ಹಾಗಾಗಿ ಈಗಿನದಕ್ಕೆ ಹಾಗೇ ಹೋಲಿಸಲು ಬರುವುದಿಲ್ಲ. ಆದರೂ ಇಷ್ಟು ಬಿಸಿಗೆ ಆ ಹಿಮ ಉಳಿಯದೇ ಹೋಗಬಹುದು ಅನ್ನುವುದು ಅದರಿಂದ ಗೊತ್ತಾಗುತ್ತದೆ.

ಕಾಡಿನ ಬಗ್ಗೆಯೂ ಕೇಳಿದ್ದೀರಿ. ಅಲ್ಲಿ ನಡೆಯುವ ಕ್ರಿಯೆ ಬೇರೆ, ಗುಣ ಅದೇ. ಅಮೆಜಾನಿಗೆ ಅಟ್ಲಾಂಟಿಕ್ ಕಡೆಯಿಂದ ತೇವದ ಗಾಳಿ ಬರುತ್ತದೆ. ಮಳೆಯಾಗಿ ಬಿದ್ದ ನೀರನ್ನು ಮರಗಳು ಬೇರಿನಿಂದ ಎಳೆದು ಎಲೆಗಳಿಂದ ಮತ್ತೆ ಗಾಳಿಗೆ ಬಿಡುತ್ತವೆ. ಅದು ಇನ್ನಷ್ಟು ಪಶ್ಚಿಮಕ್ಕೆ ಹೋಗಿ ಮತ್ತೆ ಮಳೆಯಾಗುತ್ತದೆ. ಬ್ರೆಜಿಲಿನ ವಿಜ್ಞಾನಿ ಎನೆಯಾಸ್ ಸಲಾಟಿ 1970ರ ದಶಕದಲ್ಲಿ ಮಳೆನೀರಿನ ಆಮ್ಲಜನಕದ ಐಸೋಟೋಪುಗಳನ್ನು ಅಳೆದು ಇದನ್ನು ತೋರಿಸಿದರು. ಕಾಡಿಗೆ ಬೀಳುವ ಮಳೆಯಲ್ಲಿ ದೊಡ್ಡ ಪಾಲು ಕಾಡೇ ಮಾಡಿಕೊಂಡದ್ದು. ಹಾಗಾಗಿ ಪೂರ್ವದಲ್ಲಿ ಮರ ಕಡಿದರೆ ಪಶ್ಚಿಮದ ಮಳೆಗೆ ಕತ್ತರಿ ಬೀಳುತ್ತದೆ. ಒಣಗಿದ ಕಡೆ ಮರ ಸಾಯುತ್ತದೆ, ನೆರಳು ಹೋಗಿ ಬಿಸಿಲು ನೆಲಕ್ಕೆ ತಾಗುತ್ತದೆ, ಹುಲ್ಲು ಬೆಳೆಯುತ್ತದೆ, ಹುಲ್ಲು ಬೆಂಕಿ ತರುತ್ತದೆ. ಬೆಂಕಿ ಬಂದಲ್ಲಿ ಮಳೆಕಾಡಿನ ಸಸಿ ಏಳುವುದು ಕಷ್ಟ.

ಹಿಮಕ್ಕೂ ಕಾಡಿಗೂ ಎರಡು ವ್ಯತ್ಯಾಸ ಇವೆ. ಮೊದಲನೆಯದು ಕಾಲ. ಕಾಡಿನ ಲೆಕ್ಕ ಶತಮಾನಗಳದ್ದಲ್ಲ, ದಶಕಗಳದ್ದು. ಎರಡನೆಯದು, ಕಾಡಿಗೆ ಎರಡು ಕಡೆಯಿಂದ ಹೊಡೆತ. ಬರೀ ಬಿಸಿಯಿಂದ ಅಮೆಜಾನ್ ಕೈಬಿಡುವ ಮಟ್ಟ 3.5 ಡಿಗ್ರಿ ಏರಿಕೆಯ ಸುಮಾರಿಗಿರಬಹುದು ಅಂತ 2022ರ ಒಂದು ದೊಡ್ಡ ಪರಾಮರ್ಶೆ ಅಂದಾಜಿಸಿದೆ. ಕಾಡು ಕಡಿಯುವುದೂ ಸೇರಿದರೆ ಆ ಮಟ್ಟ ಬಹಳ ಕೆಳಗೆ ಬರುತ್ತದೆ. ಶೇ. 20ರಿಂದ 25ರಷ್ಟು ಕಾಡು ಹೋದರೆ ಅಪಾಯ ಅಂತ ವಿಜ್ಞಾನಿಗಳಾದ ಥಾಮಸ್ ಲವ್‌ಜಾಯ್ ಮತ್ತು ಕಾರ್ಲೋಸ್ ನೊಬ್ರೆ 2018ರಲ್ಲಿ ಎಚ್ಚರಿಸಿದ್ದರು. ಆಗಲೇ ಸುಮಾರು ಶೇ. 17ರಷ್ಟು ಹೋಗಿತ್ತು. ಆ ಅಂಕಿಯನ್ನು ನಿಖರ ಗೆರೆ ಅಂತ ನಾನು ನಂಬುವುದಿಲ್ಲ, ಕಾಡು ಒಂದೇ ಏಟಿಗೆ ಹೋಗದೆ ತುಂಡುತುಂಡಾಗಿ ಹೋಗುವ ಸಾಧ್ಯತೆಯೇ ಜಾಸ್ತಿ. ಆದರೆ ಕಡಿಯುವುದನ್ನು ನಿಲ್ಲಿಸಿದರೆ ಆ ಮಟ್ಟ ಮತ್ತೆ ಮೇಲಕ್ಕೆ ಹೋಗುತ್ತದೆ. ಹಿಮದ ವಿಷಯದಲ್ಲಿ ಇಂಥ ಎರಡನೇ ಹಿಡಿಕೆ ಇಲ್ಲ.

ಈಗ ನಿಮ್ಮ ಮುಖ್ಯ ಮಾತಿಗೆ ಬರುತ್ತೇನೆ. ಬಿಸಿ ಏರಿದರೂ ಮುಂದೆ ಇಳಿಸಿಕೊಳ್ಳಬಹುದಲ್ವಾ? ಗಾಳಿಯ ತಾಪಮಾನವನ್ನು ಇಳಿಸುವುದು ಬಹಳ ಕಷ್ಟ, ಆದರೂ ಅಸಾಧ್ಯ ಅಲ್ಲ ಅಂತಿಟ್ಟುಕೊಳ್ಳೋಣ. ಮಿತಿಯನ್ನು ಸ್ವಲ್ಪ ದಾಟಿ ಬೇಗ ವಾಪಸ್ ಬಂದರೆ ಹಿಮದಂಥ ನಿಧಾನದ ವ್ಯವಸ್ಥೆ ತಪ್ಪಿಸಿಕೊಳ್ಳಲೂಬಹುದು. ಅದರ ನಿಧಾನವೇ ಅಲ್ಲಿ ನಮಗೆ ಅನುಕೂಲ. ಎಷ್ಟು ದಾಟಿದೆವು ಅನ್ನುವಷ್ಟೇ ಮುಖ್ಯ, ಎಷ್ಟು ವರ್ಷ ಅಲ್ಲಿದ್ದೆವು ಅನ್ನುವುದು. ಕೆಲವು ದಶಕ ಒಂದು, ಒಂದೆರಡು ಶತಮಾನ ಇನ್ನೊಂದು.

ತಡವಾಯಿತು ಅಂದರೆ ಎಷ್ಟು ಇಳಿಸಬೇಕು? 2020ರಲ್ಲಿ ಇದನ್ನು ಇಡೀ ಅಂಟಾರ್ಕ್ಟಿಕಾಕ್ಕೆ ಲೆಕ್ಕ ಹಾಕಿದರು. ಮಾದರಿಯಲ್ಲಿ ತಾಪಮಾನವನ್ನು ಮೆಲ್ಲಗೆ ಏರಿಸಿ, ಅಷ್ಟೇ ಮೆಲ್ಲಗೆ ಇಳಿಸಿದರು. ಏರುವಾಗ ಸುಮಾರು 2 ಡಿಗ್ರಿಯ ಹೊತ್ತಿಗೆ ಪಶ್ಚಿಮದ ಹಿಮ ಕುಸಿಯುವ ದಾರಿ ಹಿಡಿಯಿತು. ಇಳಿಸುವಾಗ 2ಕ್ಕೆ ಬಂದರೂ ಅದು ಬೆಳೆಯಲಿಲ್ಲ. 1ಕ್ಕೆ ಬಂದರೂ ಇಲ್ಲ. ಸೊನ್ನೆಗೆ, ಅಂದರೆ ಕಲ್ಲಿದ್ದಲು ಸುಡಲು ಶುರು ಮಾಡುವ ಮುಂಚಿನ ತಾಪಮಾನಕ್ಕೆ ಬಂದರೂ ಈಗಿನ ಗಾತ್ರಕ್ಕೆ ಬರಲಿಲ್ಲ. ಅದಕ್ಕಿಂತ ಕನಿಷ್ಠ ಇನ್ನೂ 1 ಡಿಗ್ರಿ ಕೆಳಗೆ ಹೋಗಬೇಕಾಯಿತು. ಕಾರಣ ಸುಲಭ. ಕೂತ ಹಿಮವನ್ನು ಉಳಿಸಿಕೊಳ್ಳಲು ಬೇಕಾದ ಚಳಿ ಬೇರೆ. ಖಾಲಿ ಸಮುದ್ರದಲ್ಲಿ ಒಂದು ಕಿಲೋಮೀಟರ್ ದಪ್ಪದ ಹಿಮ ಕಟ್ಟಿ, ಅದನ್ನು ತಳಕ್ಕೆ ಮುಟ್ಟಿಸಲು ಬೇಕಾದ ಚಳಿ ಬೇರೆ.

ಇನ್ನೂ ಒಂದು ತೊಡಕು. ನಾವು ಇಳಿಸುವುದು ಗಾಳಿಯ ತಾಪಮಾನ. ಪೈನ್ ಐಲ್ಯಾಂಡನ್ನೂ ಥ್ವೈಟ್ಸನ್ನೂ ಕರಗಿಸುತ್ತಿರುವುದು ಗಾಳಿಯಲ್ಲ, ಕೆಳಗಿನ ನೀರು. ಸಾಗರದ ಆಳ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. 2023ರ ಒಂದು ಅಧ್ಯಯನ, ನಾವು ಮುಂದೆ ಹಸಿರುಮನೆ ಅನಿಲ ಎಷ್ಟು ಬಿಡುತ್ತೇವೆ ಅನ್ನುವ ಬೇರೆ ಬೇರೆ ದಾರಿಗಳಲ್ಲಿ ಅಮುಂಡ್ಸೆನ್ ಸಮುದ್ರವನ್ನು ಲೆಕ್ಕ ಹಾಕಿತು. ಅನಿಲಗಳನ್ನು ಚೆನ್ನಾಗಿ ಕಡಿತ ಮಾಡಿದ ದಾರಿಯಲ್ಲೂ ಈ ಶತಮಾನದಲ್ಲಿ ಆ ನೀರು ಕಳೆದ ಶತಮಾನಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಬಿಸಿಯಾಗುತ್ತದೆ ಅಂತ ಬಂತು. 2100ರವರೆಗೆ ಕಡಿತದ ದಾರಿಗಳ ನಡುವೆ ಅಲ್ಲಿ ದೊಡ್ಡ ವ್ಯತ್ಯಾಸವೇ ಕಾಣಲಿಲ್ಲ. ಬಹಳ ಕೆಟ್ಟ ದಾರಿ ಮಾತ್ರ ಶತಮಾನದ ನಡುಭಾಗದ ಹೊತ್ತಿಗೆ ಬೇರೆಯಾಗಿ ಏರತೊಡಗಿತು. ಇದು ಒಂದೇ ಮಾದರಿಯ ಫಲಿತಾಂಶ, ಇನ್ನೂ ಬೇರೆಯವರು ಪರೀಕ್ಷಿಸಬೇಕು. ಇದು ನಿಜವಾದರೆ, ಈಗ ಮಾಡುವ ಕಡಿತದ ಫಲ ಆ ಹಿಮದ ಕೆಳಗೆ ಕಾಣುವುದು 2100ರ ಆಚೆ. ಕರಾವಳಿಗಳಲ್ಲಿ ತಡೆಗೋಡೆ, ಬಂದರು ಕಟ್ಟುವವರು ಈ ಶತಮಾನದ ಏರಿಕೆಯಲ್ಲಿ ಪಶ್ಚಿಮ ಅಂಟಾರ್ಕ್ಟಿಕಾದ ಪಾಲನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಬೇಕು.